ಇಂಗ್ಲಿಷ್ ರೆಕಮೆಂಡೇಶನ್ ಲೆಟರ್, ಮೊದಲು ಕನ್ನಡದಲ್ಲಿ

ನಾನು ಸಿವಿಲ್ ಎಂಜಿನಿಯರಿಂಗ್ ಮೇಷ್ಟ್ರು. ಇಪ್ಪತ್ತು ವರ್ಷದ ಹತ್ತಿರ ಆಯಿತು. ಎಂಎಸ್ ಓದಲು ವಿದೇಶಕ್ಕೆ ಹೋಗುವ ಹುಡುಗರಿಗೆ ಬರೆದುಕೊಟ್ಟ ಲೆಟರ್‌ಗಳು ನೂರೈವತ್ತಾದರೂ ಇರಬೇಕು. ಅವುಗಳಲ್ಲಿ ಮೊದಲ ನೂರು ಕೆಟ್ಟವು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಆಗ ಹೇಳಿದ್ದರೆ ಜಗಳ ಆಡುತ್ತಿದ್ದೆ.

ನಮ್ಮಲ್ಲಿ ನಡೆಯುವುದು ನಿಮಗೂ ಗೊತ್ತು. ಹುಡುಗರೇ ಡ್ರಾಫ್ಟ್ ತರುತ್ತಾರೆ, ನಾವು ಲೆಟರ್‌ಹೆಡ್ ಮೇಲೆ ಹಾಕಿ ಸಹಿ ಮಾಡುತ್ತೇವೆ. ಒಂದು ವರ್ಷ ನಾನು ಮತ್ತು ಪಕ್ಕದ ರೂಮಿನ ಮೇಷ್ಟ್ರು ಒಬ್ಬನೇ ಹುಡುಗನಿಗೆ ಲೆಟರ್ ಕೊಟ್ಟೆವು. ಆಮೇಲೆ ಚಹಾ ಕುಡಿಯುತ್ತಾ ನೋಡಿದರೆ ಎರಡರಲ್ಲೂ ಮೂರನೇ ಪ್ಯಾರಾ ಅಕ್ಷರಶಃ ಒಂದೇ! ಯಾವುದೋ ಸೀನಿಯರ್‌ನ ಪೆನ್‌ಡ್ರೈವ್‌ನಿಂದ ಬಂದದ್ದು. ಆ ಹುಡುಗನಿಗೆ ಎಲ್ಲೂ ಸೀಟು ಸಿಗಲಿಲ್ಲ. ಅವತ್ತಿನಿಂದ ಡ್ರಾಫ್ಟ್ ತಗೊಳ್ಳೋದು ಬಿಟ್ಟೆ.

ಬಿಟ್ಟ ಮಾತ್ರಕ್ಕೆ ಸರಿಹೋಗಲಿಲ್ಲ. ನಾನೇ ಬರೆದರೂ 'ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಒಬೀಡಿಯೆಂಟ್' ಅಂತಲೇ ಬರುತ್ತಿತ್ತು. ನಮಗೆ ಇವು ಹೊಗಳಿಕೆ. ಅಲ್ಲಿ ಓದುವ ಪ್ರೊಫೆಸರ್‌ಗೆ 'ಇವನ ಬಗ್ಗೆ ಹೇಳಲು ಬೇರೇನೂ ಇಲ್ಲ' ಅಂತ ಕೇಳಿಸುತ್ತದೆ. ವಿಧೇಯ ಅಂದರಂತೂ ಸ್ವಂತ ಯೋಚನೆ ಇಲ್ಲದವನು. ನಾನು ಕನ್ನಡದಲ್ಲಿ 'ಪರವಾಗಿಲ್ಲ ಕಣ್ರೀ ಈ ಹುಡುಗಿ' ಅಂದರೆ ಅದು ದೊಡ್ಡ ಮಾತು. ಅದನ್ನೇ ಇಂಗ್ಲಿಷಿನಲ್ಲಿ 'ಗುಡ್' ಅಂತ ಬರೆದೆ. ಅಲ್ಲಿ 'ಗುಡ್' ಅಂದರೆ ಸುಮಾರು ಅಂತ.

ನನಗೆ ಪಾಠ ಕಲಿಸಿದ್ದು ಒಬ್ಬಳು ಹುಡುಗಿ. ಸಿಜಿಪಿಎ 7.6 ಇರಬೇಕು, ಟಾಪರ್ ಅಲ್ಲ. ಮೊದಲ ಸಲ ಅಮೆರಿಕದ ಏಳು ಕಡೆ ಅರ್ಜಿ ಹಾಕಿದಳು. ತಲಾ 90 ಡಾಲರ್ ಆಸುಪಾಸು ಫೀ. ರೂಪಾಯಿ ಲೆಕ್ಕದಲ್ಲಿ 50 ಸಾವಿರದ ಮೇಲೆ. ಜಿಆರ್‌ಇ ಪರೀಕ್ಷೆಯ ಖರ್ಚು ಬೇರೆ. ಅವರಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಏಳೂ ಕಡೆ ಇಲ್ಲ ಅಂದರು. ಮತ್ತೆ ಲೆಟರ್ ಕೇಳಲು ಬಂದಾಗ ನನ್ನ ಹಳೇ ಫೈಲ್ ತೆಗೆದು ಓದಿದೆ. ಅವಳ ಹೆಸರು ತೆಗೆದು ಬೇರೆಯವರ ಹೆಸರು ಹಾಕಿದರೂ ನಡೆಯುತ್ತಿತ್ತು. ನಿಜಕ್ಕೂ ನಾಚಿಕೆ ಆಯಿತು.

ಇಂಗ್ಲಿಷ್ ವಿಭಾಗದ ಗೆಳೆಯರೊಬ್ಬರ ಕೈಲಿ ತಿದ್ದಿಸಿದೆ. ಭಾಷೆ ಮಿಂಚಿತು, ಹುಡುಗಿ ಇನ್ನೂ ಮಾಯವಾದಳು. ಒಂದು ಕನ್ಸಲ್ಟೆನ್ಸಿಯವರು 3,000 ರೂಪಾಯಿಗೆ ಬರೆದುಕೊಡ್ತೀವಿ ಅಂದರು. ನನಗೆ ಗೊತ್ತಿರುವ ಹುಡುಗಿಯ ಬಗ್ಗೆ ನನ್ನ ಹೆಸರಲ್ಲಿ ಗೊತ್ತಿಲ್ಲದವರು ಬರೆಯೋದು ಅಂದರೆ! ಫೋನ್ ಇಟ್ಟೆ.

ಆ ಸಂಜೆ ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು, ಹೆಂಡತಿಗೆ ಹೇಳುವ ಹಾಗೆ, ಕನ್ನಡದಲ್ಲಿ ಅವಳ ಪ್ರಾಜೆಕ್ಟ್ ಕಥೆ ಹೇಳಿದೆ. ಹನ್ನೊಂದು ನಿಮಿಷ ಆಯಿತು. ಆಮೇಲೆ ಕೇಳಿ ಬರೆದುಕೊಂಡೆ. ನಲವತ್ತು ವಾಕ್ಯ ಇದ್ದವು. 'ದಳು' ಅಂತ ಮುಗಿಯುವವಕ್ಕೆ ಕೆಳಗೆ ಗೆರೆ ಎಳೆದೆ: ತೂಗಿದಳು, ಒಣಗಿಸಿದಳು, ಒಪ್ಪಲ್ಲ ಅಂದಳು. ಒಂಬತ್ತೇ ಸಿಕ್ಕಿದವು. 'ಒಳ್ಳೆ ಹುಡುಗಿ', 'ತುಂಬಾ ಆಸಕ್ತಿ ಇದೆ', 'ಕೆಲಸ ಚೆನ್ನಾಗಿ ಆಯಿತು', ಇವೆಲ್ಲ ಹೊಡೆದುಹಾಕಿದೆ. ಲೆಟರ್ ಅಂದರೆ ಆ ಒಂಬತ್ತು ವಾಕ್ಯ, ಅಷ್ಟೇ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಕನ್ನಡದಲ್ಲಿ ಯಾರು ಮಾಡಿದರು ಅನ್ನೋದು ಕ್ರಿಯಾಪದದ ಬಾಲದಲ್ಲೇ ಇದೆ. ನಾವು ಇಂಗ್ಲಿಷಿಗೆ ಹೋದ ಕೂಡಲೇ ಲ್ಯಾಬ್ ರಿಪೋರ್ಟ್ ಚಾಳಿಗೆ ಬಿದ್ದು 'ದಿ ಟೆಸ್ಟ್ ವಾಸ್ ರಿಪೀಟೆಡ್' ಅಂತೀವಿ. ಯಾರು ಮತ್ತೆ ಮಾಡಿದ್ದು? ಹುಡುಗಿಯೋ, ಅಟೆಂಡರೋ, ನಾನೋ?

ಅವಳ ಕಥೆ ಇದು. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಹಾಕಿದ ಎಂ30 ದರ್ಜೆಯ ಕಾಂಕ್ರೀಟ್. 28 ದಿನಕ್ಕೆ 38 ಮೆಗಾಪಾಸ್ಕಲ್ ಹತ್ತಿರ ಬಲ ಬರಬೇಕಾದ ಟೆಸ್ಟ್ ಕ್ಯೂಬ್ 29ಕ್ಕೇ ಒಡೆಯಿತು. ಮೂರೂ ಕ್ಯೂಬ್ ಹೆಚ್ಚುಕಮ್ಮಿ ಒಂದೇ ಸಂಖ್ಯೆ ಕೊಟ್ಟವು. ಲ್ಯಾಬಿನಲ್ಲಿ ಒಬ್ಬರು ಹೋದ ವರ್ಷದ ರೀಡಿಂಗ್ ಹಾಕಿಬಿಡು ಅಂದರಂತೆ. ಅವಳು ಹಾಕಲಿಲ್ಲ. ಮೂರೂ ಒಂದೇ ಥರ ಕಮ್ಮಿ ಅಂದರೆ ಮೆಷಿನ್ ತಪ್ಪಾಗಿರಬೇಕು, ಇಲ್ಲ ಮಿಕ್ಸ್ ತಪ್ಪಾಗಿರಬೇಕು ಅಂತ ಯೋಚಿಸಿದಳು. ಬೇರೆಯವರ ಕ್ಯೂಬ್ ಅದೇ ಮೆಷಿನ್ ಮೇಲೆ ಸರಿಯಾಗಿ ಬಂದಿತ್ತು. ಹಾಗಾಗಿ ಮರಳಿನ ಗುಡ್ಡೆಗೆ ಹೋದಳು. ಕ್ಯೂಬ್ ಹಾಕುವ ಹಿಂದಿನ ವಾರ ಮಳೆ ಬಂದಿತ್ತು. ಮರಳನ್ನು ಒದ್ದೆಯಾಗಿ ತೂಗಿ, ಓವನ್‌ನಲ್ಲಿ ಒಣಗಿಸಿ, ಮತ್ತೆ ತೂಗಿದಳು. ಶೇ 4ರಷ್ಟು ನೀರು. ಒಂದು ಘನ ಮೀಟರಿಗೆ 700 ಕೆಜಿ ಮರಳು ಅಂದರೆ 28 ಲೀಟರ್ ನೀರು ಲೆಕ್ಕಕ್ಕೆ ಸಿಗದೆ ಸೇರಿತ್ತು. ಆ ನೀರನ್ನು ಕಳೆದು ಒಂಬತ್ತು ಕ್ಯೂಬ್ ಹೊಸದಾಗಿ ಹಾಕಿದಳು. ಸಬ್ಮಿಶನ್ ಒಂದು ತಿಂಗಳು ತಡವಾಯಿತು, ಇಂಟರ್ನಲ್‌ನಲ್ಲಿ ಅಂಕ ಹೋಯಿತು.

ಮೊದಲ ಲೆಟರ್‌ನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಅಂಕ ಹೋದದ್ದನ್ನು ಮುಚ್ಚಿಡಬೇಕು ಅಂದುಕೊಂಡಿದ್ದೆ. ಈ ಸಲ ಅದನ್ನೇ ಎರಡನೇ ಪ್ಯಾರಾಕ್ಕೆ ಹಾಕಿದೆ. ಒಟ್ಟು ಒಂದು ಪುಟ ದಾಟಿ ನಾಲ್ಕು ಸಾಲು. ಮೊದಲು ಎರಡೂವರೆ ಪುಟ ಬರೆಯುತ್ತಿದ್ದೆ, ಅರ್ಧ ಕಾಲೇಜಿನ ಬಗ್ಗೆ.

ಯೂನಿವರ್ಸಿಟಿಯ ಪೋರ್ಟಲ್‌ನಲ್ಲಿ ಹುಡುಗರನ್ನು ಅಳೆದು ಟಿಕ್ ಹಾಕುವ ಪಟ್ಟಿ ಇರುತ್ತದಲ್ಲ, ಅಲ್ಲೂ ಬದಲಾದೆ. ಎಲ್ಲದಕ್ಕೂ 'ಟಾಪ್ 5%' ಹಾಕುವುದು ನಮ್ಮ ಅಭ್ಯಾಸ. ನಾನು ಲ್ಯಾಬ್ ಕೆಲಸಕ್ಕೆ ಮಾತ್ರ ಅದನ್ನು ಹಾಕಿದೆ, ಇಂಗ್ಲಿಷ್ ಬರವಣಿಗೆಗೆ 'ಟಾಪ್ 25%'. ಸಹೋದ್ಯೋಗಿಗಳು 'ಹುಡುಗಿಯ ಬಾಳು ಹಾಳು ಮಾಡ್ತೀರಾ ಸಾರ್' ಅಂತ ಬೈದರು. ಕನ್ನಡದ ರೆಕಾರ್ಡಿಂಗ್ ವಿಷಯ ಕೇಳಿ ನಕ್ಕರು ಕೂಡ. ಲೆಟರ್‌ನಲ್ಲಿ 'ಒನ್ ಆಫ್ ದಿ ಬೆಸ್ಟ್' ಅಂತ ಬರೆಯದೆ, ನಾನು ಗೈಡ್ ಮಾಡಿದ ಸುಮಾರು 300 ಜನರಲ್ಲಿ ಲ್ಯಾಬ್ ಕೆಲಸಕ್ಕೆ ಮೊದಲ ಐದರಲ್ಲಿ ಇಡುತ್ತೇನೆ ಅಂತ ಬರೆದೆ. ಯಾರ ಜೊತೆ ಹೋಲಿಕೆ ಅಂತ ಹೇಳದಿದ್ದರೆ ಹೋಲಿಕೆಗೆ ಬೆಲೆ ಇಲ್ಲ.

'ಒಮ್ಮೆ ತೋರಿಸ್ತೀರಾ ಸರ್?' ಅಂತ ಕೇಳಿದಳು. ಇಲ್ಲಮ್ಮ ಅಂದೆ. ಲೆಟರ್ ನೋಡುವ ಹಕ್ಕು ಬಿಟ್ಟುಕೊಡ್ತೀನಿ ಅಂತ ಫಾರ್ಮ್‌ನಲ್ಲಿ ಅವಳೇ ಟಿಕ್ ಹಾಕಿರುತ್ತಾಳೆ. ಹಾಕಿದರೇ ಅಲ್ಲಿಯವರು ಲೆಟರ್ ನಂಬೋದು.

ಕೊನೆಯಲ್ಲೂ ಒಂದು ಎಡವಟ್ಟು. ಒಂದು ಕಡೆಗೆ ಲೆಟರ್ ಕಳಿಸುವ ಲಿಂಕ್ ನನ್ನ ಕಾಲೇಜು ಮೇಲ್‌ನ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಕೊನೆ ದಿನ ಡಿಸೆಂಬರ್ 15, ರಾತ್ರಿ 11:59, ಅವರ ಪೂರ್ವ ಕರಾವಳಿಯ ಸಮಯ. ನಮಗದು 16ರ ಬೆಳಿಗ್ಗೆ 10:29. ಹತ್ತು ಗಂಟೆ ಕ್ಲಾಸಿಗೆ ಹತ್ತು ನಿಮಿಷ ತಡವಾಗಿ ಹೋದೆ, ಲೆಟರ್ ಮಾತ್ರ ಹೋಯಿತು.

ಈ ಸಲ ಐದು ಕಡೆ ಹಾಕಿದ್ದಳು. ಎರಡು ಕಡೆ ಸಿಕ್ಕಿತು, ಒಂದು ಕಡೆ ಅಸಿಸ್ಟೆಂಟ್‌ಶಿಪ್ ಸಮೇತ. ಯಾಕೆ ಓದಬೇಕು ಅಂತ ಹೇಳುವ ಎಸ್‌ಒಪಿಯನ್ನು ಅವಳೂ ಹೊಸದಾಗಿ ಬರೆದಿದ್ದಳು, ಒಂದು ವರ್ಷ ಸೈಟ್‌ನಲ್ಲಿ ಕೆಲಸ ಮಾಡಿದ್ದಳು. ಎಲ್ಲಾ ನನ್ನ ಲೆಟರ್‌ನಿಂದಲೇ ಅನ್ನಲ್ಲ. ಆದರೆ ಅಸಿಸ್ಟೆಂಟ್‌ಶಿಪ್ ಕೊಟ್ಟ ಪ್ರೊಫೆಸರ್ ವಿಡಿಯೋ ಕಾಲ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ ಮರಳಿನ ಬಗ್ಗೆ!

ಆಮೇಲೆ ಹೀಗೇ ಹದಿನೈದೋ ಇಪ್ಪತ್ತೋ ಬರೆದಿದ್ದೇನೆ. ಹುಡುಗರ ಬಳಿ ಕಥೆ ಹೊರಡಿಸಲು ಎರಡು ಪ್ರಶ್ನೆ ಕೇಳುತ್ತೇನೆ. ಒಂದು, 'ಪ್ರಾಜೆಕ್ಟ್‌ನಲ್ಲಿ ಯಾವ ದಿನ ಮನೆಗೆ ತಡವಾಗಿ ಹೋದೆ?' ಇನ್ನೊಂದು ಇಲ್ಲಿ ಬರೆದರೆ ಮುಂದಿನ ವರ್ಷದ ಹುಡುಗರು ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎರಡಕ್ಕೂ ಉತ್ತರ ಬರದಿದ್ದರೆ, ಬೇರೆ ಮೇಷ್ಟ್ರನ್ನು ಕೇಳಪ್ಪ ಅಂತ ಕಳಿಸುತ್ತೇನೆ.