ಕೈ ಎತ್ತಿದರೆ ಹೆಗಲು ನೋವೇ? ಜಿಮ್ ಬಿಡಬೇಡಿ, ಕೋನ ಬದಲಿಸಿ

ಟೀ ಶರ್ಟ್ ಕಳಚಲು ಹೋದ ಕೈ ಅರ್ಧಕ್ಕೇ ನಿಂತುಬಿಟ್ಟಿತು. ನೋವು ಹೆಗಲ ಮೇಲಿರಲಿಲ್ಲ. ಅದಕ್ಕಿಂತ ನಾಲ್ಕು ಬೆರಳು ಕೆಳಗೆ, ತೋಳಿನ ಹೊರಮೈಯಲ್ಲಿ, ಚುಚ್ಚುಮದ್ದು ಹಾಕುವ ಜಾಗದಲ್ಲಿ ಇತ್ತು. ಹಾಗಾಗಿ ತೋಳಿನ ಸ್ನಾಯು ಹಿಡಿದುಕೊಂಡಿದೆ ಎಂದುಕೊಂಡು ನಾಲ್ಕು ದಿನ ಎಣ್ಣೆ ತಿಕ್ಕಿದೆ. ಉಪಯೋಗವಾಗಲಿಲ್ಲ. ತೋಳು ನೋಯುತ್ತಿದ್ದರೂ ತಕರಾರು ಹೆಗಲಿನದಾಗಿತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮೂರು ವಾರ ಜಿಮ್ ತಪ್ಪಿಸಿದ್ದೆ. ಮರಳಿ ಹೋದ ದಿನವೇ, ಏನೂ ಆಗಿಲ್ಲವೆಂಬಂತೆ, ಹಳೆಯ 40 ಕಿಲೋ ಬಾರ್ಬೆಲ್ ಅನ್ನು ತಲೆಯ ಮೇಲಕ್ಕೆ ಎತ್ತಿದೆ. ಎಂಟು ಬಾರಿಯಂತೆ ನಾಲ್ಕು ಸೆಟ್. ಒಂದು ದಿನ ಬಿಟ್ಟು ಮತ್ತೆ ಅಷ್ಟೇ. ಹತ್ತು ದಿನಗಳಲ್ಲಿ ಕೈ ಮುಷ್ಕರ ಹೂಡಿತು.

ಹೆಗಲಿನ ಕೀಲು ತಟ್ಟೆಯ ಮೇಲೆ ಚೆಂಡು ಇಟ್ಟಂತಿದೆ. ತೋಳಿನ ಎಲುಬಿನ ತುದಿ ಚೆಂಡು, ಹೆಗಲೆಲುಬಿನ ಆಳವಿಲ್ಲದ ಗುಳಿ ತಟ್ಟೆ. ಚೆಂಡನ್ನು ಮುಂದಿನಿಂದ, ಮೇಲಿನಿಂದ, ಹಿಂದಿನಿಂದ ತಟ್ಟೆಗೆ ಒತ್ತಿ ಹಿಡಿಯುವ ನಾಲ್ಕು ಸಣ್ಣ ಸ್ನಾಯುಗಳ ಗುಂಪೇ ರೊಟೇಟರ್ ಕಫ್. ಹೊರಗೆ ಉಬ್ಬಿ ಕಾಣುವ ದೊಡ್ಡ ಹೆಗಲ ಸ್ನಾಯು ಕೈಯನ್ನು ಎತ್ತುವಾಗ ಚೆಂಡನ್ನೂ ಮೇಲಕ್ಕೆ ಎಳೆಯುತ್ತದೆ. ಅದು ಮೇಲಕ್ಕೆ ಜಾರದಂತೆ ತಡೆಯುವುದು ಕಫ್‌ನ ಕೆಲಸ. ನಾಲ್ವರಲ್ಲಿ ಹೆಚ್ಚಾಗಿ ಕೆರಳುವುದು ಮೇಲ್ಗಡೆಯ ಸುಪ್ರಾಸ್ಪೈನೇಟಸ್‌ನ ರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಅದು ಹೆಗಲ ತುದಿಯ ಎಲುಬಿನ ಚಾವಣಿಯ ಕೆಳಗೆ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ.

ಆ ಎಲುಬು ರಜ್ಜುವನ್ನು ಉಜ್ಜಿ ಸವೆಸುತ್ತದೆ, ಆದ್ದರಿಂದ ಎಲುಬನ್ನು ಕೆರೆದು ಜಾಗ ಮಾಡಿಕೊಡಬೇಕು ಎಂಬ ನಂಬಿಕೆ ಬಹುಕಾಲ ಇತ್ತು. ಆ ಶಸ್ತ್ರಚಿಕಿತ್ಸೆಯನ್ನು ಎಲುಬು ಮುಟ್ಟದ ತೋರಿಕೆಯ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ಎರಡು ಪ್ರಯೋಗಗಳ ಫಲಿತಾಂಶ 2018ರಲ್ಲಿ ಬ್ರಿಟನ್ ಮತ್ತು ಫಿನ್‌ಲೆಂಡ್‌ಗಳಿಂದ ಪ್ರಕಟವಾಯಿತು. ರೋಗಿಗಳಿಗೆ ಅರಿವಿಗೆ ಬರುವಷ್ಟು ವ್ಯತ್ಯಾಸ ಎರಡರಲ್ಲೂ ಸಿಗಲಿಲ್ಲ. ನನ್ನಂತಹವರ ಮಟ್ಟಿಗೆ ಇದರ ಅರ್ಥ ಇಷ್ಟೇ: ಜಾಗ ಕಿರಿದಾಗಿದ್ದಕ್ಕಿಂತ, ರಜ್ಜುವಿಗೆ ರೂಢಿಯಿಲ್ಲದಷ್ಟು ಭಾರ ಒಮ್ಮೆಲೇ ಬಿದ್ದದ್ದೇ ದೊಡ್ಡ ಕಾರಣ. ಕೈಯನ್ನು ಪೂರ್ತಿ ಕಟ್ಟಿಹಾಕಿದರೆ ರಜ್ಜುವಿನ ತಾಳಿಕೆ ಇನ್ನಷ್ಟು ಕುಗ್ಗುತ್ತದೆ. ಹಟ ಹಿಡಿದು ಅದೇ ಭಾರ ಎತ್ತಿದರೆ ಕೆರಳಿದ್ದು ತಣಿಯುವುದಿಲ್ಲ. ದಾರಿ ಇವೆರಡರ ನಡುವೆ ಇದೆ.

ಮೊದಲು ನೋವಿನ ಗುರುತು ಹಿಡಿಯಿರಿ

ಕನ್ನಡಿಯ ಮುಂದೆ ನಿಂತು, ಕೈಯನ್ನು ಪಕ್ಕದಿಂದ ನಿಧಾನವಾಗಿ ಮೇಲೆತ್ತಿ. ಆರಂಭದಲ್ಲಿ ನೋವಿಲ್ಲದೆ, ಸುಮಾರು 60 ಡಿಗ್ರಿಯಿಂದ 120 ಡಿಗ್ರಿಯ ನಡುವೆ ಚುಚ್ಚಿ, ಅದನ್ನು ದಾಟಿದ ಮೇಲೆ ಮತ್ತೆ ಹಗುರವಾದರೆ ಕಫ್ ಕೆರಳಿರುವ ಸಾಧ್ಯತೆ ಹೆಚ್ಚು. ಆ ಮಗ್ಗುಲಿಗೆ ಮಲಗಿದಾಗ ರಾತ್ರಿ ಎಚ್ಚರವಾಗುವುದೂ ಇದರ ಜೊತೆಗೇ ಬರುತ್ತದೆ.

ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ನೋವಿರುವ ಕೈಯ ಮೊಣಕೈಯನ್ನು ಸೊಂಟಕ್ಕೆ ಒತ್ತಿ 90 ಡಿಗ್ರಿ ಮಡಚಿ. ಒಂದು ಕೋಲಿನ ತುದಿಯನ್ನು ಆ ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕೋಲನ್ನು ತಳ್ಳಿ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಒಳ್ಳೆಯ ಹೆಗಲಿಗೆ ಹೋಲಿಸಿದರೆ ಇದು ಅರ್ಧಕ್ಕೇ ಗಟ್ಟಿಯಾಗಿ ನಿಂತರೆ ಅದು ಹೆಗಲು ಗಡುಸಾಗುವ ಬೇರೆಯೇ ಕಾಯಿಲೆಯಿರಬಹುದು. ಆಗ ಈ ಲೇಖನದ ಕ್ರಮ ನಿಮಗಲ್ಲ. ನೋವು ಮೊಣಕೈ ದಾಟಿ ಬೆರಳಿಗೆ ಇಳಿದು ಜುಮುಗುಟ್ಟಿದರೆ ಕುತ್ತಿಗೆಯನ್ನು ಅನುಮಾನಿಸಬೇಕು. ಬಿದ್ದ ಮೇಲೆ ಅಥವಾ ಎತ್ತುವಾಗ ಟಪ್ ಎಂದ ಮೇಲೆ ಕೈ ಎತ್ತಲೇ ಆಗದಿದ್ದರೆ ಕಾಯದೆ ವೈದ್ಯರ ಬಳಿ ಹೋಗಿ. ಎದೆ ಬಿಗಿತ, ಬೆವರು ಅಥವಾ ಉಸಿರುಕಟ್ಟುವಿಕೆಯ ಜೊತೆ ತೋಳು ನೋವು ಬಂದರೆ ಅದು ತುರ್ತು ಚಿಕಿತ್ಸೆಯ ಮಾತು, ಹೆಗಲಿನದಲ್ಲ.

ತೀರ್ಪು ಕೊಡುವುದು ಮರುದಿನದ ಬೆಳಗು

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಮೂರರವರೆಗೆ ಇದ್ದರೆ ಸಹಿಸಬಹುದು. ಆದರೆ ಆ ಹೊತ್ತಿನ ಅಂಕಕ್ಕಿಂತ ಮರುದಿನ ಬೆಳಗಿನ ಅಂಕ ಮುಖ್ಯ. ಕೆರಳಿದ ರಜ್ಜು ತಡವಾಗಿ ದೂರು ಕೊಡುತ್ತದೆ, ಬಿಸಿಯೇರಿದ ಮೈಯಲ್ಲಿ ಸುಮ್ಮನಿರುತ್ತದೆ. ನಾನು ದಿನವೂ ಎದ್ದ ಕೂಡಲೇ ಕೈಯನ್ನು ಪಕ್ಕದಿಂದ ಒಮ್ಮೆ ಎತ್ತಿ ಅಂಕ ಬರೆದಿಡುತ್ತಿದ್ದೆ. ಹಿಂದಿನ ಬೆಳಗಿನಷ್ಟೇ ಇದ್ದರೆ ನಿನ್ನೆ ಮಾಡಿದ್ದು ಸರಿ. ಹೆಚ್ಚಾಗಿದ್ದರೆ ಮುಂದಿನ ಬಾರಿ ಒಂದು ಮೆಟ್ಟಿಲು ಕೆಳಗೆ. ಜಿಮ್‌ಗೆ ಹೋಗುವ ಮುನ್ನ ನೋವಿನ ಮಾತ್ರೆ ನುಂಗಬೇಡಿ. ದೂರು ಕೊಡುವವನ ಬಾಯಿ ಮುಚ್ಚಿಸಿದಂತಾಗುತ್ತದೆ.

ತೂಕ ಇಳಿಸುವ ಮೊದಲು ಕೋನ ಇಳಿಸಿ

ನೋವು ಬಂದಾಗ ಬಹುತೇಕರು ಅದೇ ಶೋಲ್ಡರ್ ಪ್ರೆಸ್ ಅನ್ನು ಹಗುರ ತೂಕದಲ್ಲಿ ಮಾಡುತ್ತಾರೆ. ಕೈ ಅದೇ ಚುಚ್ಚುವ ಹಾದಿಯಲ್ಲೇ ಓಡಾಡುವುದರಿಂದ ಅನೇಕರಿಗೆ ಇದು ಸಾಲುವುದಿಲ್ಲ. ತಳ್ಳುವ ದಿಕ್ಕನ್ನೇ ಬದಲಿಸಿದರೆ ಸಾಕಷ್ಟು ಭಾರ ಎತ್ತುತ್ತಲೇ ಹೆಗಲನ್ನು ತಣಿಯಲು ಬಿಡಬಹುದು.

ಇದನ್ನೊಂದು ಏಣಿ ಎಂದುಕೊಳ್ಳಿ. ಅದರ ಕೆಳಗಿನ ಮೆಟ್ಟಿಲು ಫ್ಲೋರ್ ಪ್ರೆಸ್. ನೆಲದ ಮೇಲೆ ಅಂಗಾತ ಮಲಗಿ, ಎರಡು ಡಂಬೆಲ್‌ಗಳನ್ನು ಅಂಗೈಗಳು ಒಂದನ್ನೊಂದು ನೋಡುವಂತೆ ಹಿಡಿದು ಮೇಲಕ್ಕೆ ತಳ್ಳುವುದು. ಮೊಣಕೈಗಳು ಮೈಯಿಂದ ಸುಮಾರು 45 ಡಿಗ್ರಿ ದೂರವಿರಲಿ. ತೋಳು ನೆಲಕ್ಕೆ ತಾಗಿ ನಿಲ್ಲುವುದರಿಂದ ಮೊಣಕೈ ಬೆನ್ನಿನ ಹಿಂದಕ್ಕೆ ಇಳಿಯುವುದಿಲ್ಲ. ಕೆರಳಿದ ಹೆಗಲಿಗೆ ಬೆಂಚ್ ಪ್ರೆಸ್‌ನಲ್ಲಿ ಕಷ್ಟ ಕೊಡುವುದು ಆ ತಳದ ಕೆಲವು ಅಂಗುಲಗಳೇ.

ಅದರ ಮೇಲಿನದು ಲ್ಯಾಂಡ್‌ಮೈನ್ ಪ್ರೆಸ್. ನನ್ನ ಮಟ್ಟಿಗೆ ಇಡೀ ಏಣಿಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಮೆಟ್ಟಿಲು ಇದೇ. ಬಾರ್ಬೆಲ್‌ನ ಒಂದು ತುದಿಯನ್ನು ನೆಲದ ಹಿಡಿಕೆಗೆ, ಅದಿಲ್ಲದಿದ್ದರೆ ಬಟ್ಟೆ ಸುತ್ತಿ ಗೋಡೆಯ ಮೂಲೆಗೆ ಸಿಕ್ಕಿಸಿ. ನೋವಿರುವ ಕಡೆಯ ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದು ತುದಿಯನ್ನು ಹೆಗಲ ಮುಂದೆ ಹಿಡಿದು ಮುಂದಕ್ಕೂ ಮೇಲಕ್ಕೂ ಓರೆಯಾಗಿ ತಳ್ಳಿ. ಕೈ ತಲೆಯ ನೇರಕ್ಕೆ ಹೋಗುವುದೇ ಇಲ್ಲ. ಬೆನ್ನಿಗೆ ಬೆಂಚು ಒತ್ತದಿರುವುದರಿಂದ ಹೆಗಲೆಲುಬು ಕೈಯ ಜೊತೆ ತಿರುಗಲು ಸ್ವತಂತ್ರವಾಗಿರುತ್ತದೆ. ತೋಳು ಪೂರ್ತಿ ಚಾಚಿದಾಗ ಮೊಣಕೈ ಬಿಗಿಹಿಡಿದು ನಿಲ್ಲದೆ, ಹೆಗಲೆಲುಬೂ ಮುಂದಕ್ಕೆ ಬರುವಂತೆ ಇನ್ನೂ ಒಂದು ಅಂಗುಲ ತಳ್ಳಿ. 20 ಕಿಲೋ ಬಾರ್‌ನ ಒಂದು ತುದಿ ನೆಲದಲ್ಲಿರುವುದರಿಂದ ಕೈಗೆ ಬೀಳುವುದು ಹತ್ತಿರ ಹತ್ತಿರ ಅರ್ಧ ಭಾರ.

ಆಮೇಲೆ ಬೆಂಚಿನ ಒರಗನ್ನು 60 ಡಿಗ್ರಿಗೆ ಎತ್ತಿ ಡಂಬೆಲ್ ಪ್ರೆಸ್. ಅದರ ಮೇಲೆ, ನಿಂತು ಡಂಬೆಲ್ ಅನ್ನು ತಲೆಯ ಮೇಲಕ್ಕೆ ತಳ್ಳುವುದು. ಇಲ್ಲಿ ಮೊಣಕೈಗಳನ್ನು ಪಕ್ಕಕ್ಕೆ ನೇರವಾಗಿ ಅಗಲಿಸದೆ ಸುಮಾರು 30 ಡಿಗ್ರಿ ಮುಂದಕ್ಕೆ ತನ್ನಿ. ಹೆಗಲೆಲುಬು ಬೆನ್ನಿನ ಮೇಲೆ ಕೂತಿರುವುದೇ ಆ ಓರೆಯಲ್ಲಿ, ಕಫ್‌ಗೆ ಹಿತವೆನಿಸುವ ಹಾದಿಯೂ ಅದೇ. ಬಾರ್ಬೆಲ್ ಏಣಿಯ ತುದಿಯಲ್ಲಿರಲಿ.

ಉಳಿದ ವ್ಯಾಯಾಮಗಳಲ್ಲಿ ಅಡಗಿರುವ ತರಲೆ

ಪ್ರೆಸ್ ಬಿಟ್ಟರೂ ನೋವು ಇಳಿಯುತ್ತಿಲ್ಲ ಎನ್ನುವವರು ತಮ್ಮ ಸ್ಕ್ವಾಟ್ ನೋಡಿಕೊಳ್ಳಬೇಕು. ಬಾರ್ ಅನ್ನು ಬೆನ್ನ ಮೇಲೆ ಹಿಡಿಯಲು ಕೈಗಳು ಹಿಂದಕ್ಕೆ ತಿರುಚಿಕೊಂಡು ನಿಮಿಷಗಟ್ಟಲೆ ನಿಂತಿರುತ್ತವೆ. ನನಗೆ ಇದು ಹೊಳೆದದ್ದು ಎರಡನೇ ವಾರದಲ್ಲಿ, ಕಾಲಿನ ವ್ಯಾಯಾಮದ ಮರುದಿನವೂ ಹೆಗಲಿನ ಅಂಕ ಏರಿದಾಗ. ಡಂಬೆಲ್ ಅನ್ನು ಎದೆಗೆ ಒತ್ತಿ ಹಿಡಿಯುವ ಗಾಬ್ಲೆಟ್ ಸ್ಕ್ವಾಟ್‌ಗೆ ಬದಲಾಯಿಸಿದೆ, ಎರಡೇ ದಿನದಲ್ಲಿ ವ್ಯತ್ಯಾಸ ಕಂಡಿತು. ಮೊಣಕೈಯನ್ನು ಹೆಗಲಿಗಿಂತ ಮೇಲೆ ಎಳೆಯುವ ಅಪ್‌ರೈಟ್ ರೋ, ಕುತ್ತಿಗೆಯ ಹಿಂದಕ್ಕೆ ಇಳಿಸುವ ಪುಲ್‌ಡೌನ್, ಆಳವಾದ ಡಿಪ್ಸ್ ಸದ್ಯಕ್ಕೆ ಬೇಡ. ಕುಳಿತು ಎಳೆಯುವ ರೋಯಿಂಗ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಸೈಕಲ್, ನಡಿಗೆ, ಕಾಲಿನ ಯಂತ್ರಗಳು ಎಂದಿನಂತೆ ನಡೆಯಲಿ.

ಟವೆಲ್ ಸುರುಳಿಯ ವ್ಯಾಯಾಮ

ಕಫ್ ಅನ್ನೇ ಬಲಪಡಿಸುವ ವ್ಯಾಯಾಮಗಳು ಡಜನ್‌ಗಟ್ಟಲೆ ಇವೆ, ಒಂದನ್ನು ನೆಟ್ಟಗೆ ಮಾಡಿದರೆ ಸಾಕು. ಒಳ್ಳೆಯ ಹೆಗಲಿನ ಮಗ್ಗುಲಿಗೆ ಮಲಗಿ. ನೋವಿರುವ ಕೈಯ ಮೊಣಕೈಗೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ ಇಡಿ. ಮೊಣಕೈ ಮಡಚಿ, ಒಂದು ಕಿಲೋ ಡಂಬೆಲ್ ಹಿಡಿದು, ಬಾಗಿಲ ಕದ ತೆರೆದಂತೆ ಮುಂಗೈಯನ್ನು ಹೊರಕ್ಕೆ ತಿರುಗಿಸಿ, ಮೂರು ಎಣಿಸುತ್ತ ಇಳಿಸಿ. ಹನ್ನೆರಡರಿಂದ ಹದಿನೈದು ಬಾರಿ, ಮೂರು ಸೆಟ್, ದಿನ ಬಿಟ್ಟು ದಿನ. ಟವೆಲ್ ಕೆಳಗೆ ಬಿದ್ದರೆ ಮೊಣಕೈ ಮೇಲೆದ್ದಿದೆ, ದೊಡ್ಡ ಸ್ನಾಯು ಕೆಲಸ ಕಸಿದುಕೊಂಡಿದೆ ಎಂದರ್ಥ. ಐದು ಕಿಲೋ ಹಿಡಿದು ಮೈಯನ್ನೇ ತೂಗಾಡಿಸುವ ಗಟ್ಟಿಗರನ್ನು ಜಿಮ್‌ನಲ್ಲಿ ನೋಡುತ್ತೇನೆ. ಅವರ ಕಫ್‌ಗೆ ಆ ಹೊತ್ತು ಬಿಡುವು.

ನನ್ನ ಹನ್ನೊಂದು ವಾರ

ಮೊದಲ ಬೆಳಗಿನ ಅಂಕ ಐದು. ಎರಡು ವಾರ ತಲೆಯ ಮೇಲೆ ಏನನ್ನೂ ಎತ್ತಲಿಲ್ಲ. ತಲಾ 12 ಕಿಲೋ ಡಂಬೆಲ್‌ಗಳ ಫ್ಲೋರ್ ಪ್ರೆಸ್, ರೋಯಿಂಗ್ ಮತ್ತು ಟವೆಲ್ ವ್ಯಾಯಾಮ, ಜೊತೆಗೆ ಕಾಲಿನ ವ್ಯಾಯಾಮ ಮಾತ್ರ. ರಾತ್ರಿ ಅಂಗಾತ ಮಲಗಿ ತೋಳಿನ ಕೆಳಗೆ ದಿಂಬು ಇಟ್ಟುಕೊಂಡೆ. ಅಂಕ ಮೂರಕ್ಕೆ ಇಳಿಯಿತು. ಮೂರನೇ ವಾರ ಖಾಲಿ ಬಾರ್‌ನ ಲ್ಯಾಂಡ್‌ಮೈನ್ ಪ್ರೆಸ್, ಹತ್ತು ಬಾರಿಯಂತೆ ಮೂರು ಸೆಟ್. ನಾಲ್ಕನೇ ವಾರ ಅದಕ್ಕೆ ಐದು ಕಿಲೋ ಪ್ಲೇಟ್. ಅಂಕ ಎರಡು.

ಐದನೇ ವಾರ ಆಸೆ ಹೆಚ್ಚಾಯಿತು. ಬೆಂಚನ್ನು 60 ಡಿಗ್ರಿಗೆ ಏರಿಸಿ, ಅದೇ ದಿನ ಡಂಬೆಲ್ ತೂಕವನ್ನೂ ಏರಿಸಿದೆ. ಮಾಡುವಾಗ ನೋವು ಎರಡೇ ಇತ್ತು, ಮರುದಿನ ಬೆಳಗ್ಗೆ ಐದು. ಕೋನ ಮತ್ತು ತೂಕ ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಕೆಡಿಸಿದ್ದು ಯಾವುದೆಂದು ತಿಳಿಯುವ ದಾರಿಯೂ ಇರಲಿಲ್ಲ. ಒಂದು ವಾರ ಲ್ಯಾಂಡ್‌ಮೈನ್‌ಗೆ ಮರಳಿದೆ, ಆಮೇಲೆ ಅದೇ 60 ಡಿಗ್ರಿಯನ್ನು ಹಗುರ ಡಂಬೆಲ್‌ನಲ್ಲಿ ಹಿಡಿದೆ. ಈ ಬಾರಿ ಅಂಕ ಅಲುಗಾಡಲಿಲ್ಲ. ಎಂಟನೇ ವಾರ 8 ಕಿಲೋ ಡಂಬೆಲ್ ತಲೆಯ ಮೇಲೆ ಹೋಯಿತು. ಹನ್ನೊಂದನೇ ವಾರ ಖಾಲಿ ಬಾರ್ಬೆಲ್. ಅಲ್ಲಿಂದ ಒಮ್ಮೆಗೆ ಎರಡೂವರೆ ಕಿಲೋ.

ಎಲ್ಲರ ಏಣಿಯೂ ಇಷ್ಟೇ ದಿನದಲ್ಲಿ ಹತ್ತಿ ಮುಗಿಯುವುದಿಲ್ಲ. ಆರು ವಾರ ಹೀಗೆ ನಡೆದುಕೊಂಡರೂ ಬೆಳಗಿನ ಅಂಕ ಇಳಿಯದಿದ್ದರೆ, ಅಥವಾ ರಾತ್ರಿಯ ನೋವು ಏರುತ್ತಲೇ ಇದ್ದರೆ ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟ್ ಅವರನ್ನೋ ಕಾಣಿ. ಸ್ಕ್ಯಾನ್ ವರದಿಯಲ್ಲಿ ರಜ್ಜು ಸ್ವಲ್ಪ ಹರಿದಿದೆ ಎಂದು ಬರೆದಿದ್ದರೆ ಕೂಡಲೇ ಎದೆಗುಂದಬೇಡಿ. ನಡುವಯಸ್ಸು ದಾಟಿದವರಲ್ಲಿ ಒಂದಿಷ್ಟೂ ನೋವಿಲ್ಲದ ಹೆಗಲುಗಳಲ್ಲೂ ರಜ್ಜು ಹಾಗೆ ಹರಿದಿರುವುದು ಕಾಣಸಿಗುತ್ತದೆ. ವರದಿಯ ಜೊತೆಗೆ ನಿಮ್ಮ ಬೆಳಗಿನ ಅಂಕಗಳ ಚೀಟಿಯನ್ನೂ ವೈದ್ಯರ ಮುಂದಿಡಿ.