ವಿವಿಎಂ ಚೆನ್ನಾಗಿದ್ದರೂ ಲಸಿಕೆ ಕೆಟ್ಟಿರಬಹುದು: ಶೇಕ್ ಟೆಸ್ಟ್ ಮಾಡುವ ನಮ್ಮ ಕ್ರಮ

ವಯಲ್ ಮೇಲಿನ ಶಾಖ ತೋರಿಸುವ ಗುರುತಾದ ವಿವಿಎಂನಲ್ಲಿ ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು, ಎರಡರ ಬಣ್ಣ ಒಂದೇ ಆದರೆ ಬಿಸಾಡಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಆ ಚೌಕ ಲೆಕ್ಕ ಇಡುವುದು ತಾಗಿದ ಶಾಖವನ್ನು ಮಾತ್ರ. ಲಸಿಕೆ ಹೆಪ್ಪುಗಟ್ಟಿ ಕರಗಿದರೂ ಅದರ ಬಣ್ಣ ಬದಲಾಗುವುದಿಲ್ಲ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ ಕೆಡುವುದು ಹೆಚ್ಚಾಗಿ ಚಳಿಯಿಂದ. ಹಾಗಾಗಿ ಈ ಮೂರರ ವಿಷಯದಲ್ಲಿ ವಿವಿಎಂ ನೋಡಿ ಸಮಾಧಾನಪಟ್ಟುಕೊಂಡರೆ ಸಾಲದು.

ಇಂಥದ್ದೊಂದು ಸಂದರ್ಭ ನಮ್ಮ ಕೇಂದ್ರದಲ್ಲೂ ಬಂತು. ಬೆಳಿಗ್ಗೆ ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿತ್ತು, ಅಂದರೆ ರಿಜಿಸ್ಟರ್ ಪ್ರಕಾರ ಎಲ್ಲ ಸರಿ. ಲಸಿಕೆ ಇಡುವ ಫ್ರಿಜ್ ಆದ ಐಎಲ್‌ಆರ್‌ನ ಬುಟ್ಟಿಯಲ್ಲಿಟ್ಟಿದ್ದ, ಉಷ್ಣತೆ ದಾಖಲಿಸುವ ಡಿಜಿಟಲ್ ಲಾಗರ್ ಮಾತ್ರ ಅಲಾರ್ಮ್ ಕೊಟ್ಟಿತ್ತು. ಉಷ್ಣತೆ ಮೈನಸ್ 0.5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಒಂದು ಗಂಟೆ ಇದ್ದರೆ ಲಾಗರ್ ಹಾಗೆ ಎಚ್ಚರಿಸುತ್ತದೆ. ದಿನಕ್ಕೆ ಎರಡು ಸಲ ಬರೆದುಕೊಳ್ಳುವ ಅಂಕಿ ಆ ಎರಡು ಕ್ಷಣಗಳದ್ದು, ರಾತ್ರಿ ಏನಾಯಿತು ಎಂದು ತಿಳಿಯಲು ಲಾಗರ್‌ನ ಕನಿಷ್ಠ ಉಷ್ಣತೆಯನ್ನೇ ತೆಗೆದು ನೋಡಬೇಕು.

ಕಾರಣ ಸಿಕ್ಕಿದ್ದು ಥರ್ಮೋಸ್ಟಾಟ್‌ನಲ್ಲಿ. ದೀರ್ಘ ಹೊತ್ತು ಕರೆಂಟ್ ಹೋಗಿ ಬಂದಮೇಲೆ ಬೇಗ ತಣ್ಣಗಾಗಲಿ ಎಂದು ಗುಬ್ಬಿಯನ್ನು ತಿರುಗಿಸಲಾಗಿತ್ತು. ಗುಬ್ಬಿ ತಿರುಗಿಸಿದರೆ ಕಂಪ್ರೆಸರ್ ವೇಗ ಹೆಚ್ಚುವುದಿಲ್ಲ, ಅದು ಎಷ್ಟು ಡಿಗ್ರಿಗೆ ನಿಲ್ಲಬೇಕು ಎನ್ನುವುದಷ್ಟೇ ಬದಲಾಗುತ್ತದೆ. ರಾತ್ರಿ ಮುಚ್ಚಳ ತೆರೆಯುವವರಿಲ್ಲ, ಹೊರಗೂ ತಂಪು, ಹಾಗಾಗಿ ಒಳಗಿನ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯಿತು. ಕರೆಂಟ್ ಬಂದಮೇಲೆ ಗುಬ್ಬಿ ಮುಟ್ಟದೆ ಮುಚ್ಚಳ ಮುಚ್ಚಿಟ್ಟರೆ ಸಾಕು.

ಅಲಾರ್ಮ್ ಬಂತೆಂದ ಮಾತ್ರಕ್ಕೆ ಎಲ್ಲ ವಯಲ್‌ಗಳೂ ಹೆಪ್ಪುಗಟ್ಟಿವೆ ಎಂದಲ್ಲ. ದ್ರವ ಸೊನ್ನೆಗಿಂತ ಕೆಳಗಿಳಿದರೂ ಕೆಲವೊಮ್ಮೆ ಗಟ್ಟಿಯಾಗದೆ ಉಳಿಯುತ್ತದೆ. ಅದಕ್ಕೇ ಶೇಕ್ ಟೆಸ್ಟ್ ಬೇಕು. ಮೊದಲು ಎಲ್ಲ ವಯಲ್‌ಗಳನ್ನು ಕಣ್ಣಿಂದ ನೋಡಿದೆವು. ಒಳಗೆ ಗಟ್ಟಿ ಮಂಜುಗಡ್ಡೆಯಾಗಿರುವ ವಯಲ್ ಸಿಕ್ಕರೆ ಪರೀಕ್ಷೆಯ ಅಗತ್ಯವೇ ಇಲ್ಲ, ಅದನ್ನು ಬಿಸಾಡಬೇಕು. ನಮಗೆ ಅಂಥದ್ದು ಸಿಗಲಿಲ್ಲ. ಅನುಮಾನದ ವಯಲ್‌ಗಳನ್ನು ‘ಬಳಸಬೇಡಿ’ ಎಂದು ಬರೆದ ಚೀಲದಲ್ಲಿ ಹಾಕಿ 2ರಿಂದ 8 ಡಿಗ್ರಿಯೊಳಗೇ ಬೇರೆಯಾಗಿಟ್ಟೆವು.

ಹೋಲಿಕೆಗೆ ಬೇಕೆಂದೇ ಹೆಪ್ಪುಗಟ್ಟಿಸಿದ ಒಂದು ವಯಲ್ ಬೇಕು. ಅದು ಅದೇ ಲಸಿಕೆ, ಅದೇ ತಯಾರಕರು, ಅದೇ ಬ್ಯಾಚ್‌ನದ್ದಾಗಿರಬೇಕು, ಏಕೆಂದರೆ ಒಂದೊಂದು ಬ್ಯಾಚ್‌ನ ಗಷ್ಟು ಇಳಿಯುವ ವೇಗ ಒಂದೊಂದು ಥರ ಇರಬಹುದು. ಪೆಂಟಾ, ಟಿಡಿ, ಹೆಪಟೈಟಿಸ್ ಬಿ ಮೂರಕ್ಕೂ ಬೇರೆ ಬೇರೆ ವಯಲ್ ತೆಗೆದು, ‘ಫ್ರೀಜ್ ಮಾಡಿದ್ದು’ ಎಂದು ದಪ್ಪಕ್ಷರದಲ್ಲಿ ಬರೆದು, ಡೀಪ್ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಟ್ಟೆವು. ಪೂರ್ತಿ ಕಲ್ಲಿನಂತೆ ಗಟ್ಟಿಯಾದಮೇಲೆ ಹೊರತೆಗೆದು ತಾನಾಗಿಯೇ ಕರಗಲು ಬಿಡಬೇಕು. ಬಿಸಿನೀರಿಗೆ ಇಳಿಸಬಾರದು.

ಆಮೇಲೆ ಕರಗಿದ ವಯಲ್ ಮತ್ತು ಅನುಮಾನದ ವಯಲ್ ಎರಡನ್ನೂ ಒಂದೇ ಕೈಯಲ್ಲಿ ಹಿಡಿದು 10ರಿಂದ 15 ಸೆಕೆಂಡ್ ಚೆನ್ನಾಗಿ ಕುಲುಕಿ, ಸಮತಟ್ಟಾದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಮುಟ್ಟದೆ 30 ನಿಮಿಷದವರೆಗೆ ಬೆಳಕಿಗೆ ಎದುರಾಗಿ ನೋಡಬೇಕು. ಹೆಪ್ಪುಗಟ್ಟಿದಾಗ ಲಸಿಕೆಯಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಆದ್ದರಿಂದ ಬೇಗ ತಳ ಸೇರುತ್ತವೆ. ಹೆಪ್ಪುಗಟ್ಟದ ಲಸಿಕೆ ಬಹಳ ಹೊತ್ತು ಮಬ್ಬಾಗಿಯೇ ಇರುತ್ತದೆ. ಅನುಮಾನದ ವಯಲ್ ಹೋಲಿಕೆಯದರಷ್ಟೇ ಬೇಗ ಅಥವಾ ಇನ್ನೂ ಬೇಗ ತಿಳಿಯಾದರೆ ಅದು ಕೆಟ್ಟಿದೆ.

ಪರೀಕ್ಷೆಗೆ ಯಾವ ವಯಲ್ ಆರಿಸುತ್ತೇವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಐಎಲ್‌ಆರ್‌ನ ತಳವೇ ಅತಿ ತಂಪಾದ ಜಾಗ. ಬುಟ್ಟಿಯಲ್ಲಿ ಜಾಗ ಸಾಲದೆ ಒಂದಷ್ಟು ಪೆಂಟಾ ಕೆಳಗೆ ಹೋಗಿತ್ತು. ತಳದಿಂದ ಒಂದು, ಬುಟ್ಟಿಯಲ್ಲಿ ಗೋಡೆಗೆ ತಾಗಿದ್ದ ಒಂದು, ಹೀಗೆ ಎರಡನ್ನೂ ಹೋಲಿಸಿದೆವು. ತಳದ್ದು ಹೋಲಿಕೆಯ ವಯಲ್ ಜೊತೆಗೇ ತಿಳಿಯಾಯಿತು, ಬುಟ್ಟಿಯದು ಅರ್ಧ ಗಂಟೆ ಕಳೆದರೂ ಮಬ್ಬಾಗಿಯೇ ಇತ್ತು. ತಳದ ಪೆಂಟಾ ಎಲ್ಲವನ್ನೂ ಬಿಸಾಡುವ ಪಟ್ಟಿಗೆ ಸೇರಿಸಿದೆವು. ಬುಟ್ಟಿಯಲ್ಲಿದ್ದ ಟಿಡಿ, ಹೆಪಟೈಟಿಸ್ ಬಿ ಕೂಡ ಪರೀಕ್ಷೆಯಲ್ಲಿ ಉಳಿದವು. ಆ ವಯಲ್‌ಗಳ ವಿವಿಎಂ, ಕೆಟ್ಟದ್ದರದ್ದೂ ಸೇರಿ, ಎಲ್ಲ ಒಂದೇ ಥರ ತಿಳಿಯಾಗಿತ್ತು.

ಚುಚ್ಚಿ ಕೊಡುವ ಪೋಲಿಯೊ ಲಸಿಕೆ ಐಪಿವಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಚಳಿಗೆ ಅದೂ ಕೆಡುತ್ತದೆ, ಆದರೆ ಅದರಲ್ಲಿ ಅಲ್ಯೂಮಿನಿಯಂ ಇಲ್ಲ, ಕೆಳಗಿಳಿಯಲು ಗಷ್ಟೂ ಇಲ್ಲ. ಅದನ್ನು ಕುಲುಕಿ ನೋಡಿ ‘ಸರಿಯಿದೆ’ ಎನ್ನುವುದು ತಪ್ಪು. ಲಾಗರ್ ದಾಖಲೆ ಸಮೇತ ಮೇಲಿನ ಸ್ಟೋರ್‌ಗೆ ತಿಳಿಸಿ, ಉತ್ತರ ಬರುವವರೆಗೆ ಬಳಸದೆ ಇಟ್ಟೆವು.

ಇನ್ನೊಂದು ಜಾಗದಲ್ಲೂ ಇದೇ ಹಾನಿ ಆಗುತ್ತದೆ, ಅದೂ ಯಾವ ಲಾಗರ್‌ಗೂ ಗೊತ್ತಾಗದೆ: ವ್ಯಾಕ್ಸಿನ್ ಕ್ಯಾರಿಯರ್. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್‌ಗಳನ್ನು ನೇರವಾಗಿ ಹಾಕಿದರೆ ಗೋಡೆಗೆ ತಾಗಿದ ವಯಲ್ ಹೆಪ್ಪುಗಟ್ಟುತ್ತದೆ. ಮೇಜಿನ ಮೇಲೆ ಹರಡಿಟ್ಟು, ಮೈ ಬೆವರಿ, ಕಿವಿಯ ಬಳಿ ಕುಲುಕಿದರೆ ಒಳಗೆ ನೀರು ಅಲುಗುವ ಸದ್ದು ಬಂದಮೇಲೆಯೇ ನಾಲ್ಕನ್ನೂ ಕ್ಯಾರಿಯರ್‌ಗೆ ಹಾಕುತ್ತೇವೆ. ಚಳಿಗಾಲದಲ್ಲಿ ಇದಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು, ಆದ್ದರಿಂದ ಗಡಿಯಾರ ನೋಡದೆ ಪ್ರತಿ ಪ್ಯಾಕನ್ನೂ ಕುಲುಕಿಯೇ ನೋಡುತ್ತೇವೆ.