ಮುಚ್ಚಿಹೋದ ಕಂಪನಿ, ಸಿಗದ ಎಕ್ಸ್‌ಪೀರಿಯೆನ್ಸ್ ಲೆಟರ್: ನನ್ನ ಅನುಭವ

ಹೊಸ ಕಂಪನಿಗೆ ಸೇರಿ ಹತ್ತು ದಿನ ಆಗಿತ್ತು. ಹಿಂದಿನ ಕೆಲಸಗಳನ್ನು ಪರಿಶೀಲಿಸುವ ಏಜೆನ್ಸಿಯ ವರದಿ ಬಂತು. 2016ರಿಂದ 2019ರ ಜುಲೈವರೆಗೆ ನಾನಿದ್ದ ಬೆಂಗಳೂರಿನ ಪುಟ್ಟ ಸಾಫ್ಟ್‌ವೇರ್ ಕಂಪನಿಯ ಮುಂದೆ "Unable to verify" ಅಂತ ಬರೆದಿತ್ತು. ಆ ಕಂಪನಿಯ ಫೋನ್ ಸತ್ತುಹೋಗಿ ವರ್ಷಗಳಾಗಿವೆ. ಆಫೀಸ್ ಇದ್ದ ಮಹಡಿಯಲ್ಲಿ ಈಗ ಪಿಜಿ ಇದೆ. ನನ್ನ ಹತ್ತಿರ ಇದ್ದದ್ದು ಆಫರ್ ಲೆಟರ್ ಮತ್ತು ನಾಲ್ಕೈದು ಪೇಸ್ಲಿಪ್ ಮಾತ್ರ. ಕೊನೇ ದಿನ ಲ್ಯಾಪ್‌ಟಾಪ್ ಒಪ್ಪಿಸಿ ಹೊರಟಾಗ ಲೆಟರ್ ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಎಚ್‌ಆರ್ ಮೇಡಂ ಒಂದು ಒಳ್ಳೇ ಮಾತು ಹೇಳಿದರು: "ಕಂಪನಿ ಮುಚ್ಚಿದೆ ಅನ್ನೋದಕ್ಕೆ ಒಂದು ದಾಖಲೆ ಕೊಡಿ. ನೀವು ಅಲ್ಲಿ ಇದ್ರಿ ಅನ್ನೋದಕ್ಕೆ ಬೇರೆ ಕೊಡಿ. ಎರಡನ್ನೂ ಕಲಸಬೇಡಿ."

ಮೊದಲನೆಯದು ಸುಲಭ. ಕಂಪನಿಗಳ ನೋಂದಣಿ ನೋಡಿಕೊಳ್ಳುವ ಕೇಂದ್ರ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಹುಡುಕಿದೆ. ಮಾಸ್ಟರ್ ಡೇಟಾದಲ್ಲಿ ಸ್ಥಿತಿ "Strike Off" ಅಂತಿತ್ತು, ಅಂದರೆ ಕಂಪನಿಯ ಹೆಸರನ್ನು ಸರ್ಕಾರದ ಪಟ್ಟಿಯಿಂದ ತೆಗೆದುಹಾಕಿದ್ದಾರೆ. ಅದೇ ಪುಟದಲ್ಲಿ ನಿರ್ದೇಶಕರ ಹೆಸರುಗಳೂ ಇದ್ದವು. ಸುಮ್ನೆ ಇರಲಿ ಅಂತ ಪೂರ್ತಿ ಪುಟ ಪಿಡಿಎಫ್ ಮಾಡಿಕೊಂಡೆ. ಮುಂದೆ ಅದೇ ಕೈಹಿಡಿಯಿತು.

ಎರಡನೆಯದಕ್ಕೆ ಪಿಎಫ್ ಪಾಸ್‌ಬುಕ್ ತೆಗೆದೆ. ನಾನು ಬರೆದುಕೊಂಡ ದಾಖಲೆ ಅದಲ್ಲ, ಕಂಪನಿ ತಿಂಗಳು ತಿಂಗಳು ದುಡ್ಡು ಕಟ್ಟಿದ್ದರಿಂದ ಹುಟ್ಟಿದ್ದು. ಹಾಗಾಗಿ ಏಜೆನ್ಸಿಯವರು ಅದನ್ನು ಜಾಸ್ತಿ ನಂಬುತ್ತಾರೆ. ಆದರೆ ಅದನ್ನು ಓದುವಾಗ ಎರಡು ಕಡೆ ಎಡವಿದೆ. "Due-Month" ಅಂತ ಬರೆದಿರುವುದು ಸಂಬಳದ ತಿಂಗಳಿನ ಮುಂದಿನ ತಿಂಗಳು. 052019 ಅಂದರೆ ಏಪ್ರಿಲ್ ಸಂಬಳ. ಇನ್ನೊಂದು, ನಮ್ಮ ಕಂಪನಿ ಸಂಬಳ ಎಷ್ಟೇ ಇದ್ದರೂ 15,000 ರೂಪಾಯಿಗಷ್ಟೇ ಲೆಕ್ಕ ಹಾಕಿ ಪಿಎಫ್ ಕಟ್ಟುತ್ತಿತ್ತು. ಪಾಸ್‌ಬುಕ್ ನೋಡಿದರೆ ನನ್ನ ಸಂಬಳವೇ ಅಷ್ಟು ಅನ್ನಿಸುತ್ತಿತ್ತು. ಎರಡನ್ನೂ ಮೊದಲೇ ಒಂದು ಸಾಲಿನಲ್ಲಿ ಬರೆದು ಕೊಟ್ಟೆ.

ನಿಜವಾದ ತೊಂದರೆ ಬೇರೆ ಇತ್ತು. ಕೊನೇ ದಿನಗಳಲ್ಲಿ ಕಂಪನಿ ಪಿಎಫ್ ಕಟ್ಟಿರಲೇ ಇಲ್ಲ. ಏಪ್ರಿಲ್ 2019ಕ್ಕೇ ನಿಂತಿತ್ತು. ಮೇಲಾಗಿ, ಬಿಟ್ಟ ದಿನಾಂಕವನ್ನೂ ಅವರು ತುಂಬಿರಲಿಲ್ಲ. ಸರ್ವಿಸ್ ಹಿಸ್ಟರಿಯಲ್ಲಿ ನಾನು ಅಲ್ಲೂ ಇದ್ದೀನಿ, ಆಮೇಲೆ ಸೇರಿದ ಕಂಪನಿಯಲ್ಲೂ ಇದ್ದೀನಿ! ಎರಡು ಕಡೆ ದುಡಿದ ಕಳ್ಳನ ಹಾಗೆ ಕಾಣುತ್ತಿತ್ತು.

ಕೊನೇ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ನಾವೇ ತುಂಬಬಹುದು. ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ Manage, ಅದರೊಳಗೆ Mark Exit. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆದರೆ ಕೊನೇ ಕಂತಿನ ತಿಂಗಳೊಳಗಿನ ದಿನಾಂಕವನ್ನಷ್ಟೇ ಅದು ಒಪ್ಪುತ್ತದೆ. ಹಾಗಾಗಿ ಏಪ್ರಿಲ್ 30 ಹಾಕಿದೆ. ಆಮೇಲೆ ತಿದ್ದುವುದು ತಲೆನೋವು, ಹಾಗಾಗಿ ಒತ್ತುವ ಮೊದಲು ಎರಡು ಸಲ ನೋಡಿ. ರೆಸ್ಯೂಮ್‌ನಲ್ಲಿ ಜುಲೈ, ಪೋರ್ಟಲ್‌ನಲ್ಲಿ ಏಪ್ರಿಲ್. ಈ ಮೂರು ತಿಂಗಳಿಗೆ ಏನು ಮಾಡೋದು?

ನಮ್ಮ ಹೆಸರಲ್ಲಿ ಯಾರು ಎಷ್ಟು ತೆರಿಗೆ ಹಿಡಿದು ಕಟ್ಟಿದ್ದಾರೆ ಅಂತ ತೋರಿಸುವ Form 26AS ಅನ್ನು ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಿಂದ ಎಲ್ಲಾ ವರ್ಷಗಳಿಗೂ ಇಳಿಸಿದೆ. ಸಂಬಳದಲ್ಲಿ ಹಿಡಿದ ತೆರಿಗೆ ಸೆಕ್ಷನ್ 192ರ ಕೆಳಗೆ ಕಂಪನಿಯ ಹೆಸರು ಮತ್ತು ತೆರಿಗೆ ಹಿಡಿಯುವವರಿಗೆ ಕೊಡುವ ಟ್ಯಾನ್ ನಂಬರ್ ಸಮೇತ ಬರುತ್ತದೆ. ಇದಕ್ಕೆ ಫಾರ್ಮ್ 16 ಕೊಡುವವರು ಬೇಕಿಲ್ಲ. (ತೆರಿಗೆಯೇ ಹಿಡಿಯದಷ್ಟು ಸಂಬಳ ಇದ್ದವರಿಗೆ ಇಲ್ಲೇನೂ ಸಿಗುವುದಿಲ್ಲ.) ನನ್ನದು ಮಾರ್ಚ್‌ಗೇ ನಿಂತಿತ್ತು.

ಉಳಿದದ್ದು ಬ್ಯಾಂಕ್. ನೆಟ್‌ಬ್ಯಾಂಕಿಂಗ್‌ನಲ್ಲಿ ಅಷ್ಟು ಹಳೇದು ಸಿಗಲಿಲ್ಲ. ಬ್ರಾಂಚಿಗೆ ಅರ್ಜಿ ಕೊಟ್ಟು ಸೀಲ್ ಇರುವ ಸ್ಟೇಟ್‌ಮೆಂಟ್ ತಂದೆ. ಮೇ ಸಂಬಳ ಕಂಪನಿಯ ಹೆಸರಲ್ಲೇ ಬಂದಿತ್ತು. ಜೂನ್ ಸಂಬಳ ಮಾತ್ರ ಯಾರೋ ಒಬ್ಬರ ಸ್ವಂತ ಖಾತೆಯಿಂದ. ಯಾರಪ್ಪಾ ಇವರು ಅಂತ ನೋಡಿದರೆ, ಎಂಸಿಎ ಪುಟದಲ್ಲಿದ್ದ ನಿರ್ದೇಶಕರೇ! ಎರಡೂ ಹಾಳೆಗಳಲ್ಲಿ ಆ ಹೆಸರಿಗೆ ಗೆರೆ ಎಳೆದು ಒಟ್ಟಿಗೆ ಪಿನ್ ಮಾಡಿದೆ. ಜುಲೈ ಸಂಬಳ ಇವತ್ತಿಗೂ ಬಂದಿಲ್ಲ ಬಿಡಿ.

ಇಷ್ಟೆಲ್ಲಾ ಇದ್ದರೂ ನಾನೇನು ಕೆಲಸ ಮಾಡುತ್ತಿದ್ದೆ ಅಂತ ಇವು ಹೇಳುವುದಿಲ್ಲ. ಪಿಎಫ್‌ಗೆ ಹುದ್ದೆ ಗೊತ್ತಿಲ್ಲ. ಅದಕ್ಕೆ ಹಳೇ ಮ್ಯಾನೇಜರ್‌ಗೆ ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಮಾಡಿದೆ. "ಅಯ್ಯೋ, ನನಗೂ ಇದೇ ಗೋಳು ಮಾರಾಯ" ಅಂದರು. ಅವರು ಈಗಿರುವ ಕಂಪನಿಯ ಇಮೇಲ್‌ನಿಂದಲೇ ಏಜೆನ್ಸಿಗೆ ನನ್ನ ಹುದ್ದೆ, ಅವಧಿ ಬರೆದು ಕಳಿಸಿದರು. ಜೊತೆಗೆ ತಾವೂ ಅಲ್ಲಿದ್ದರು ಅನ್ನುವುದಕ್ಕೆ ತಮ್ಮ ಪಿಎಫ್ ಸರ್ವಿಸ್ ಹಿಸ್ಟರಿಯನ್ನೂ ಲಗತ್ತಿಸಿದರು. ಅದಿಲ್ಲದಿದ್ದರೆ ಅವರು ಯಾರೋ ದಾರಿಹೋಕರು, ಅಲ್ವಾ?

ನೋಟರಿ ಅಫಿಡವಿಟ್ ಕೂಡ ಮಾಡಿಸಿದ್ದೆ. ಏಜೆನ್ಸಿಯವರು ಅದನ್ನು ಫೈಲಿಗೆ ಸೇರಿಸಿಕೊಂಡರು ಅಷ್ಟೇ. ನಮ್ಮ ಬಗ್ಗೆ ನಾವೇ ಹೇಳಿಕೊಂಡದ್ದಕ್ಕೆ ತೂಕ ಕಡಿಮೆ. ಲೆಟರ್‌ಹೆಡ್ ಮೇಲೆ ಹೊಸದಾಗಿ "ಲೆಟರ್ ಮಾಡಿಸಿಕೊಡ್ತೀನಿ" ಅಂದ ಒಬ್ಬರೂ ಸಿಕ್ಕಿದ್ದರು. ಕಂಪನಿ ಸ್ಟ್ರೈಕ್ ಆಫ್ ಆಗಿದೆ ಅಂತ ನಾನೇ ದಾಖಲೆ ಕೊಟ್ಟಿರುವಾಗ ಆ ಕಾಗದಕ್ಕೆ ಸಹಿ ಹಾಕಿದ್ದು ಯಾರು ಅಂತ ಕೇಳರೇ?

ಮೂರು ವಾರದ ಮೇಲೆ ಹೊಸ ವರದಿ ಬಂತು. ಜೂನ್ 2019ರವರೆಗೆ ದಾಖಲೆಗಳಿಂದ ಖಚಿತ, ಜುಲೈ ಮ್ಯಾನೇಜರ್ ಮಾತಿನ ಮೇಲೆ ಅಂತ ಬರೆದಿದ್ದರು. ಎಚ್‌ಆರ್ ಮೇಡಂ ಅದನ್ನು ಒಪ್ಪಿಕೊಂಡರು.